ಇದು ಯಾರು ಬರೆದುಕೊಟ್ಟಿದ್ದು?

ನಾನು ಅನುಮಾನದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ, ಇವರು ಮುಂದಿನ ಸ್ಟಾಪಿನಲ್ಲಿ ಇಳಿಯುವವರೇ ಇರಬೇಕು ಅಂದುಕೊಳ್ಳುತ್ತೇನೆ. ಹಾಲಿನವನು ಅಳೆಯುವಾಗ ಬಗ್ಗಿ ನೋಡುತ್ತೇನೆ. ನಮ್ಮ ಮನೆಯವರು, ನೀನು ಮೇಡಂ ಆಗುವ ಬದಲು ಪೊಲೀಸ್ ಆಗಬೇಕಿತ್ತು ಎಂದು ಮದುವೆಯಾದ ವರ್ಷವೇ ಹೇಳಿದ್ದರು. ತುರುವೇಕೆರೆ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಾ ಹೇಳುತ್ತಾ ಆ ಬುದ್ಧಿ ಇನ್ನಷ್ಟು ಹರಿತವಾಯಿತು.

ಕನ್ನಡ ಮೇಡಂಗೆ ಅನುಮಾನ ಬರುವುದು ಮುಖ್ಯವಾಗಿ ಪ್ರಬಂಧದ ವಿಷಯದಲ್ಲಿ. ಗೈಡಿನಿಂದ ಇಳಿಸಿದ ಪ್ರಬಂಧವನ್ನು ನಾನು ಮೊದಲ ಸಾಲಿನಲ್ಲೇ ಹಿಡಿಯಬಲ್ಲೆ. 'ಇಂದಿನ ಆಧುನಿಕ ಯುಗದಲ್ಲಿ' ಎಂದು ಶುರುವಾಯಿತೆಂದರೆ ಮುಂದಿನ ಎರಡು ಪುಟ ಏನಿದೆ ಅಂತ ಕಣ್ಣುಮುಚ್ಚಿ ಹೇಳುತ್ತೇನೆ. ಈಗೀಗ ಅದಕ್ಕೂ ಮೀರಿದ ತಲೆನೋವು ಬಂದಿದೆ. ಫೋನಿಗೆ ಕೇಳಿದರೆ ಸಾಕು, ಯಾವ ವಿಷಯಕ್ಕೆ ಬೇಕೋ ಆ ವಿಷಯಕ್ಕೆ ತಪ್ಪಿಲ್ಲದೆ ಬರೆದುಕೊಡುತ್ತದೆ. ಹೀಗಾಗಿ ಮೊದಲು ತಪ್ಪಿದ್ದರೆ ಬೇಜಾರಾಗುತ್ತಿದ್ದ ನನಗೆ ಈಗ ತಪ್ಪಿಲ್ಲದಿದ್ದರೆ ದಿಗಿಲಾಗುತ್ತದೆ.

ಆ ವರ್ಷ ಜನವರಿಯಲ್ಲಿ ಹತ್ತನೇ ತರಗತಿಗೆ ಒಂದು ಪ್ರಬಂಧ ಕೊಟ್ಟೆ. ಗೈಡಿನಲ್ಲಿ ಸಿಗಬಾರದು ಎಂದೇ ಯೋಚಿಸಿ ಕೊಟ್ಟ ವಿಷಯ: 'ನಮ್ಮ ಮನೆಯಲ್ಲಿ ನಡೆಯುವ ಒಂದು ಕೆಲಸ'. ಮನೆಯಲ್ಲೇ ಬರೆದುಕೊಂಡು ಬನ್ನಿ, ಇಪ್ಪತ್ತು ಅಂಕ, ಏಳು ಬಂದರೆ ಪಾಸು ಎಂದೆ. ಮಕ್ಕಳು ನನಗಿಂತ ಬುದ್ಧಿವಂತರು. ಮುಕ್ಕಾಲು ಪಾಲು ಜನ ಗೈಡಿನ 'ಕಲ್ಪವೃಕ್ಷ' ಪ್ರಬಂಧವನ್ನೇ ತಂದು, ಕೊನೆಯಲ್ಲಿ 'ಆದ್ದರಿಂದ ನಮ್ಮ ಮನೆಯಲ್ಲಿ ತೆಂಗಿನ ಕೆಲಸ ನಡೆಯುತ್ತದೆ' ಎಂದು ಅಂಟಿಸಿದ್ದರು.

ಅವುಗಳ ನಡುವೆ ಒಬ್ಬ ಹುಡುಗಿಯ ಹಾಳೆ ಬಂತು. ಮೂರನೇ ಬೆಂಚಿನ ಗೋಡೆಯ ಪಕ್ಕ ಕೂರುವವಳು. ಬರೆಯುವಾಗ ಅಂಗೈ ಬೆವರುತ್ತದೆ ಅಂತ ಕೈಯಡಿಗೆ ಕರ್ಚೀಫು ಇಟ್ಟುಕೊಳ್ಳುತ್ತಿದ್ದಳು. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಎದ್ದು ನಿಂತು ಡೆಸ್ಕಿನ ಮೂಲೆ ಉಜ್ಜುತ್ತಿದ್ದಳು. ಅವಳ ಹಾಳೆಯಲ್ಲೂ ಮೊದಲ ಎರಡು ಪ್ಯಾರಾ ಗೈಡು, ಕೊನೆಯ ಪ್ಯಾರಾ ಗೈಡು. ಉಪಸಂಹಾರ ಅರ್ಧಕ್ಕೇ ನಿಂತಿತ್ತು. ಆದರೆ ನಡುವೆ ಒಂದು ಪ್ಯಾರಾ ಹೀಗಿತ್ತು:

'ನಮ್ಮಜ್ಜಿ ಅಟ್ಟದ ಕಾಯಿ ಅಲ್ಲಾಡಿಸಿ ನೋಡುವಾಗ ಯಾರೂ ಮಾತಾಡಬಾರದು. ಮಿಕ್ಸಿ ಹಾಕಬಾರದು. ಒಳಗೆ ನೀರಿನ ಸದ್ದು ಬಂದರೆ ಅಜ್ಜಿ ಏನೂ ಹೇಳದೆ ಅದನ್ನು ವಾಪಸ್ಸು ಅಟ್ಟಕ್ಕೆ ಕೊಡುತ್ತಾಳೆ. ಒಣಗಿದ್ದರೆ ಕೊಬ್ಬರಿ ಗಿಟುಕು ಚಿಪ್ಪಿನೊಳಗೆ ಬಡಿದುಕೊಂಡು ಓಡಾಡುತ್ತದೆ, ಹೊರಗಿಂದ ಚಿಲಕ ಹಾಕಿದ ಮನೆಯಲ್ಲಿ ಮಗು ಓಡಾಡುವ ಹಾಗೆ. ಆ ಸದ್ದು ಕೇಳಿದಾಗ ನನಗೆ ಬೇಗ ಚಿಪ್ಪು ಒಡೆದುಬಿಡಬೇಕು ಅನ್ನಿಸುತ್ತದೆ.'

ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಿಜ ಹೇಳಬೇಕೆಂದರೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಮೈಯೆಲ್ಲ ಅನುಮಾನವಾಯಿತು. ನಾಲ್ಕು ಜನರ ಮುಂದೆ ಹೆಸರು ಹೇಳಲು ಹೆದರುವ ಹುಡುಗಿ ಇದನ್ನು ಬರೆದಳೇ? ಅದರ ಹಿಂದೂ ಮುಂದೂ ಗೈಡು ಇದ್ದ ಮೇಲೆ ಇದೂ ಎಲ್ಲಿಂದಲೋ ಬಂದದ್ದೇ ಇರಬೇಕು. ಕೆಂಪು ಪೆನ್ನು ತೆಗೆದುಕೊಂಡು ಆ ಪ್ಯಾರಾಕ್ಕೆ ಸುತ್ತು ಹಾಕಿದೆ. ಪಕ್ಕದಲ್ಲಿ ಬರೆದೆ: 'ಇದು ಯಾರು ಬರೆದುಕೊಟ್ಟಿದ್ದು?' ಗೈಡಿನ ಪ್ಯಾರಾಗಳ ಪಕ್ಕ ಏನೂ ಬರೆಯಲಿಲ್ಲ, ಅವು ಅಭ್ಯಾಸವಾಗಿಬಿಟ್ಟಿದ್ದವು. ಕೊನೆಯಲ್ಲಿ ಐದು ಅಂಕ ಹಾಕಿ 'ಪ್ರಯತ್ನ ಸಾಲದು' ಎಂದು ಬರೆದು ಗೆರೆ ಎಳೆದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹಾಳೆ ಹಂಚುವಾಗ ಅಂಕ ಕೂಗಿ ಹೇಳುವುದು ನನ್ನ ಹಳೆಯ ಚಾಳಿ. ಅವಳ ಸರದಿ ಬಂದಾಗ "ಐದು" ಎಂದು ಕೂಗಿ, "ಅಟ್ಟದ ಪ್ಯಾರಾ ಫೋನಿಗೆ ಕೇಳಿ ಬರೆದೆಯೇನೇ?" ಎಂದೆ. ಇಡೀ ಕ್ಲಾಸು ನಕ್ಕಿತು. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಂಗೈಯಲ್ಲಿ ಮುಚ್ಚಿಕೊಂಡು ಕೂತಳು. ಅಳಲಿಲ್ಲ. ಅಳಲಿಲ್ಲವಲ್ಲ, ಹಾಗಾದರೆ ನನ್ನ ಅನುಮಾನ ಸರಿಯೇ ಇರಬೇಕು ಅಂದುಕೊಂಡೆ. ಇವತ್ತು ಆ ಮಾತು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳ ಕನ್ನಡ ಉತ್ತರಪತ್ರಿಕೆ ನೋಡಿದೆ. ವ್ಯಾಕರಣ ಸರಿ, ಪದ್ಯದ ಸಾರಾಂಶ ಸರಿ. ಪ್ರಬಂಧದ ಸಂಖ್ಯೆ ಬರೆದು, ಕೆಳಗೆ ಪುಟವಿಡೀ ಖಾಲಿ ಬಿಟ್ಟು, ತಾನೇ ಮೂಲೆಯಿಂದ ಮೂಲೆಗೆ ಗೆರೆ ಎಳೆದಿದ್ದಳು. ಪತ್ರಲೇಖನದ ಪುಟವೂ ಹಾಗೇ. ಗಣಿತದ ಮೇಷ್ಟ್ರು ಪಕ್ಕದ ಟೇಬಲ್ಲಿನಿಂದ ಬಗ್ಗಿ ನೋಡಿ, "ಬೇಕಂತ್ಲೇ ಬುಟ್ಟವ್ಳೆ ಕಣ್ರೀ, ನಿಮ್ ಮೇಲೆ ಕೋಪ ಅವಳಿಗೆ" ಎಂದರು. ಅವರೂ ನನ್ನಂಥ ಅನುಮಾನದವರೇ. ನನಗೆ ಮಾತ್ರ ಅದು ಕೋಪದ ಗೆರೆಯ ಹಾಗೆ ಕಾಣಲಿಲ್ಲ. ಸ್ಕೇಲಿಟ್ಟು ನೆಟ್ಟಗೆ ಎಳೆದಿದ್ದಳು.

ಆ ವಾರವೇ ಅವಳ ಅವ್ವ ಶಾಲೆಗೆ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೂರಿ ಅಂದರೂ ಕೂರಲಿಲ್ಲ.

"ನನ್ ಮಗ್ಳು ಮಾರ್ಚಿ ಪರೀಕ್ಷೆಗೆ ಕೂರಲ್ಲ ಅಂತವ್ಳೆ ಮೇಡಮ್ಮ. ಹಾಲ್ ಟಿಕೆಟ್ಟೂ ಬ್ಯಾಡ ಅಂತವ್ಳೆ. ಬರ್ಯಕ್ಕೆ ಕುಂತ್ರೆ ಕೈ ನಡುಗ್ತದಂತೆ. ಏನ್ ಹೇಳುದ್ರಿ ನೀವು?"

ನಾನು ಏನು ಹೇಳಿದೆ ಎಂದು ಹೇಳಿದೆ. ಮುಚ್ಚಿಡಲಿಲ್ಲ, ಹಾಗಂತ ಪೂರ್ತಿಯನ್ನೂ ಹೇಳಲಿಲ್ಲ. ಇಷ್ಟೊಂದು ಚೆನ್ನಾಗಿತ್ತು, ಅದಕ್ಕೇ ಯಾರಾದರೂ ಬರೆದುಕೊಟ್ಟರೇನೋ ಎಂದು ಕೇಳಿದೆ, ಅಂದೆ.

ಆ ತಾಯಿ, "ನಮ್ಮನೇಲಿ ಬರ್ಕೊಡೋರು ಯಾರವ್ರೆ ಮೇಡಮ್ಮ? ನಾನು ಎಬ್ಬೆಟ್ಟು. ಅವಳಪ್ಪನ ಫೋನು ಬರೀ ಮಾತಾಡೋದು, ಒತ್ತೋ ಬಟನ್ನಿಂದು" ಎಂದರು. ಆಮೇಲೆ ದನಿ ಇಳಿಸಿ, "ಹೋಗ್ಲಿ ಬುಡಿ. ಸುಮ್ನೆ ಚೆನ್ನಾಗೈತೆ ಅಂದ್ಬುಡಿ. ನಿಮ್ಗೇನು ಗಂಟು ಹೋಗದು?" ಎಂದು ಕೇಳಿದರು. ಗಣಿತದ ಮೇಷ್ಟ್ರೂ ಹೌದೆಂದು ತಲೆಯಾಡಿಸಿದರು. ಚೆನ್ನಾಗಿದೆ ಅಂದುಬಿಟ್ಟರೆ ಮುಗಿಯಿತು ಎಂದು ನನಗೂ ಅನ್ನಿಸಿತು. ನಾಚಿಕೆಯಾದಾಗ ಮನುಷ್ಯನಿಗೆ ಸುಲಭದ ದಾರಿಯೇ ಮೊದಲು ಕಾಣುತ್ತದೆ.

ಮಾರನೇ ದಿನ ಊಟದ ಬಿಡುವಿನಲ್ಲಿ ಹುಡುಗಿಯನ್ನು ಲೈಬ್ರರಿ ಅಂತ ಕರೆಯುವ ಕೋಣೆಗೆ ಕರೆದೆ. "ನೀನು ಬರೆದ ಪ್ರಬಂಧದ ಬಗ್ಗೆ ಮತ್ತೆ ಯೋಚನೆ ಮಾಡಿದೆ ಕಣೇ. ಬಹಳ ಚೆನ್ನಾಗಿದೆ. ನೀನು ಜಾಣೆ. ಹೆದರಬೇಡ" ಎಂದೆ. ದನಿಗೆ ಎಷ್ಟು ಬೆಲ್ಲ ಹಾಕಿದ್ದೆನೆಂದರೆ ನನಗೇ ಅದು ನನ್ನ ದನಿ ಅನ್ನಿಸಲಿಲ್ಲ.

ಅವಳು ಕಣ್ಣೆತ್ತಿ ನೋಡಿದಳು. ಅವಳ ಅವ್ವ ನೋಡಿದ್ದರಲ್ಲ, ಅದೇ ನೋಟ. "ಮತ್ತೆ ಐದು ಯಾಕೆ ಕೊಟ್ರಿ ಮಿಸ್?"

"ಅದು... ಆವತ್ತು ಗಡಿಬಿಡಿಯಲ್ಲಿ ನೋಡಿದ್ದೆ" ಎಂದೆ.

"ನಮ್ಮವ್ವ ಬಂದಿದ್ಲಾ ಮಿಸ್?"

ಹೌದು ಅನ್ನದೆ ವಿಧಿಯಿರಲಿಲ್ಲ. ಅದೇ ವಿಷಯ ಇನ್ನೊಂದು ಸಲ ಬರೆದುಕೊಂಡು ಬಾ ಎಂದೆ. ಮೂರು ದಿನ ಬಿಟ್ಟು ತಂದಳು. ತರಲಾರಳು ಅಂದುಕೊಂಡಿದ್ದ ನನಗೆ ಸಂತೋಷವಾಯಿತು. ಈ ಸಲ ಒಂದು ಕಡೆಯೂ ನೋಯಿಸಬಾರದು ಎಂದು ನಿಶ್ಚಯ ಮಾಡಿ, ಹಸಿರು ಪೆನ್ನು ತೆಗೆದುಕೊಂಡು, ಪ್ಯಾರಾಕ್ಕೊಂದು ರೈಟು ಹಾಕಿ, 'ಉತ್ತಮ', 'ಒಳ್ಳೆಯ ಮಾಹಿತಿ', 'ಭೇಷ್' ಎಂದು ಬರೆದು, ಕೊನೆಗೆ ಹದಿನಾಲ್ಕು ಅಂಕ ಕೊಟ್ಟು, ಅಂಕದ ಪಕ್ಕ ಒಂದು ನಗುಮುಖವನ್ನೂ ಬರೆದೆ. ಅವಳು ಹಾಳೆ ಕೈಗೆ ತೆಗೆದುಕೊಂಡು, ಬೆರಳಿಟ್ಟು ಒಂದು ಜಾಗ ಹುಡುಕಿ ನೋಡಿದಳು. ನೋಡಿ, ಥ್ಯಾಂಕ್ಸ್ ಮಿಸ್ ಎಂದು ಹೇಳಿ ಹೋದಳು.

ಮಾರನೇ ದಿನ ಶಾಲೆಗೆ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅವಳ ಮನೆಗೆಂದು ದಂಡಿನಶಿವರದ ಕಡೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಬುದ್ಧಿ ತನ್ನ ಕೆಲಸ ಮಾಡುತ್ತಿತ್ತು. ಹದಿನಾಲ್ಕು ಕೊಟ್ಟ ಮೇಲೂ ಯಾಕೆ ಬರಲಿಲ್ಲ? ಹುಡುಗಿ ಆಟ ಕಟ್ಟುತ್ತಿದ್ದಾಳೆಯೇ? ಮನೆಯಲ್ಲಿ ಮದುವೆಯ ಮಾತೇನಾದರೂ ನಡೆಯುತ್ತಿದೆಯೇ? ಮಾರ್ಚಿ ಪರೀಕ್ಷೆಗೆ ಮೂರು ವಾರ ಇತ್ತು. ಪರೀಕ್ಷೆಗೆ ಕೂತರೆ ಪಾಸಾಗುವ ಹುಡುಗಿ ಕೂರದೇ ಹೋದರೆ ಆ ವರ್ಷ ಹೋಯಿತು. ಒಂದು ವರ್ಷ ಮನೆಯಲ್ಲಿ ಕೂತ ಹೆಣ್ಣುಮಗು ಮತ್ತೆ ಬೆಂಚಿಗೆ ಬಂದದ್ದನ್ನು ನಾನು ಹೆಚ್ಚು ನೋಡಿಲ್ಲ. ಅದಕ್ಕೆ ಕಾರಣ ನನ್ನ ಒಂದು ಸಾಲು ಆಗಬಾರದು ಎಂಬ ಸ್ವಾರ್ಥವೂ ನನ್ನಲ್ಲಿತ್ತು.

ಮನೆ ತೋಟದ ಅಂಚಿನಲ್ಲಿತ್ತು. ನಡುಮನೆಯಲ್ಲಿ ಅಟ್ಟದಿಂದ ಇಳಿಸಿದ ಕಾಯಿ ರಾಶಿ ಬಿದ್ದಿತ್ತು. ಅಜ್ಜಿ ಮಣೆಯ ಮೇಲೆ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ಬೇರೆ ಮಾಡುತ್ತಿದ್ದಳು. ಪಕ್ಕದಲ್ಲಿ ಹುಡುಗಿ. ನನ್ನನ್ನು ಕಂಡು ಎದ್ದು ನಿಂತವಳು ಗೋಡೆಗೆ ಅಂಟಿಕೊಂಡಳು. ಅವ್ವ ಕಾಫಿ ಮಾಡಲು ಒಳಗೆ ಹೋದರು. ಅಜ್ಜಿ ಮಾತ್ರ ಕೈಕೆಲಸ ನಿಲ್ಲಿಸಲಿಲ್ಲ.

"ಮೇಡಮ್ಮಾ? ಕೂತ್ಕಳಿ. ಸುಮ್ನೆ ಯಾಕ್ ಕೂತ್ಕತೀರಿ, ನಾಕು ಕಾಯಿ ನೋಡ್ಕೊಡಿ. ಒಣಗಿದ್ದು ಈ ಕಡೆ, ನೀರಿದ್ದುದ್ದು ಆ ಕಡೆ, ಕೆಟ್ಟಿದ್ದು ಹೊರಕ್ಕೆ."

ನಾನೂ ಇದೇ ಸೀಮೆಯವಳು, ನಮ್ಮ ತವರಿನ ಅಟ್ಟದಲ್ಲೂ ಕಾಯಿ ಇರುತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಕೂತೆ. ಅಜ್ಜಿ ತನ್ನ ಹಿಂದಿನಿಂದ ಕಾಯಿ ತೆಗೆದು ಒಂದೊಂದಾಗಿ ನನ್ನ ಮುಂದೆ ಉರುಳಿಸಿದಳು. ನಾನು ಅಲ್ಲಾಡಿಸಿ, ತಿಳಿದವಳ ಹಾಗೆ ತಲೆದೂಗಿ, ಒಣಗಿದ ರಾಶಿಗೆ ಹಾಕುತ್ತಾ ಹೋದೆ. ನನ್ನ ಮನಸ್ಸೆಲ್ಲ ಹುಡುಗಿಗೆ ಏನು ಹೇಳಬೇಕು ಎಂಬುದರ ಮೇಲಿತ್ತು. ಐದಾರು ಆದ ಮೇಲೆ ಅಜ್ಜಿ ನಾನು ಹಾಕಿದ್ದರಲ್ಲಿ ಒಂದನ್ನು ಹಿಂದಕ್ಕೆ ತೆಗೆದು ನನ್ನ ಕೈಗೇ ಕೊಟ್ಟಳು.

"ಇದ್ನ ಇನ್ನೊಂದ್ ಕಿತ ನೋಡಿ."

ಅಲ್ಲಾಡಿಸಿದೆ. ಹಗುರವಾಗಿತ್ತು, ಸದ್ದು ಮಂಕು. ಮೂಗಿನ ಹತ್ತಿರ ತಂದರೆ ತೊಟ್ಟಿನ ಕಡೆಯಿಂದ ಕಮಟು ವಾಸನೆ. ಕೆಟ್ಟಕಾಯಿ, ಅದರಲ್ಲಿ ಎರಡು ಮಾತಿಲ್ಲ. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಬ್ಯಾಸರ ಮಾಡ್ಕಬ್ಯಾಡಿ ತಾಯಿ. ನಮ್ಮನೇಲಿ ಹೊಸಬ್ರು ಕೈ ಹಾಕುದ್ರೆ ಒಂದ್ ಕೆಟ್ಟಿದ್ದ ನಡುವ್ಕೆ ಇಟ್ಟೇ ಇಡ್ತೀವಿ. ಅದ್ನ ಎತ್ತಾಕುದ್ರೆ, ಅವ್ರು ಒಣಗಿದ್ದು ಅಂದಿದ್ದೂ ನಂಬಬೋದು. ಎತ್ತಾಕ್ನಿಲ್ಲ ಅಂದ್ರೆ ಅವ್ರು ಬೇರೆ ಮಾಡಿದ್ದನ್ನೆಲ್ಲ ನಾವು ತಿರುಗ ಕೇಳ್ಬೇಕು."

ನಾನೂ ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಯ ಕಡೆ ಕಣ್ಣು ಹೋಯಿತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ನೋಡಿದ ಕೂಡಲೇ ನೆಲ ನೋಡಿದಳು. ಬೆರಳಿಟ್ಟು ಹಾಳೆಯಲ್ಲಿ ಒಂದು ಜಾಗ ಹುಡುಕಿದ್ದಳಲ್ಲ, ಅದು ನೆನಪಾಯಿತು. ಕಾಯಿಯನ್ನು ಕೆಳಗಿಟ್ಟೆ.

"ನೀನು ಎರಡನೇ ಸಲ ಬರೆದೆಯಲ್ಲ, ಆ ಹಾಳೆ ಎಲ್ಲಿ? ತಗೊಂಡು ಬಾ" ಎಂದೆ.

ಅವಳು ತರಲೋ ಬೇಡವೋ ಎಂದು ಅಜ್ಜಿಯ ಮುಖ ನೋಡಿ, ಒಳಗಿಂದ ತಂದು ಕೊಟ್ಟಳು. ಹೊರಗೆ ಜಗುಲಿಯ ಮೇಲೆ ಕೂತು ಮೊದಲ ಸಲ ಆ ಪ್ರಬಂಧವನ್ನು ಓದಿದೆ. ಹೌದು, ಮೊದಲ ಸಲ. ಹಿಂದಿನ ಸಲ ಅದಕ್ಕೆ ಹಸಿರು ಬಳಿದಿದ್ದೆ ಅಷ್ಟೆ. ಮೂರನೇ ಪ್ಯಾರಾದಲ್ಲಿ ಸಿಕ್ಕಿತು: 'ಅಟ್ಟಕ್ಕೆ ಹಾಕಿದ ಹದಿನೈದು ದಿನಕ್ಕೆ ಕಾಯಿ ಕೊಬ್ಬರಿಯಾಗುತ್ತದೆ.' ಅದರ ಪಕ್ಕದಲ್ಲೇ ನನ್ನ ದುಂಡಗಿನ ಅಕ್ಷರ: 'ಒಳ್ಳೆಯ ಮಾಹಿತಿ'.

ಹದಿನೈದು ದಿನ! ಅಟ್ಟದ ಕಾಯಿ ಒಣಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ನಮ್ಮ ಸೀಮೆಯಲ್ಲಿ ಅಂಗನವಾಡಿಯ ಮಗುವಿಗೂ ಇದು ಗೊತ್ತು. ಅವಳಿಗೆ ಗೊತ್ತಿಲ್ಲದೆ ಬರೆದದ್ದಲ್ಲ. ಅದು ಇಟ್ಟದ್ದು. ಅವಳನ್ನು ಕಳ್ಳಿ ಅಂದುಕೊಂಡವಳು ನಾನು, ಈಗ ಅವಳ ಮುಂದೆ ಸಿಕ್ಕಿಬಿದ್ದವಳೂ ನಾನೇ.

ಹುಡುಗಿಯನ್ನು ಕರೆದು ಪಕ್ಕ ಕೂರಿಸಿಕೊಂಡೆ. ಕರ್ಚೀಫು ಕೈಯಲ್ಲೇ ಇತ್ತು. ಪೆನ್ನು ತೆಗೆದು 'ಒಳ್ಳೆಯ ಮಾಹಿತಿ' ಎಂಬುದನ್ನು ಹೊಡೆದುಹಾಕಿದೆ. ಹದಿನೈದು ದಿನದ ಸಾಲಿಗೂ ಗೆರೆ ಎಳೆದೆ. "ಇದು ಸುಳ್ಳು. ನಾನು ಓದದೇ ರೈಟು ಹಾಕಿದ್ದೆ" ಎಂದೆ. ಹದಿನಾಲ್ಕನ್ನೂ ಹೊಡೆದುಹಾಕಿದೆ. ಅವಳು ಕರ್ಚೀಫನ್ನು ಬಿಗಿಯಾಗಿ ಹಿಡಿದಳು. ಇಲ್ಲಿಗೆ ಎಲ್ಲ ಕೆಟ್ಟುಹೋಯಿತೇನೋ ಎಂದು ಒಂದು ಕ್ಷಣ ನನಗೂ ಭಯವಾಯಿತು.

"ಆ ಮೊದಲನೇದೂ ಇದೆಯಾ, ಐದು ಬಂದದ್ದು?"

ಇತ್ತು. ನಾಲ್ಕು ಮಡಿಕೆಯಲ್ಲೇ ಇತ್ತು. ಮಡಿಕೆಯ ಗೆರೆಯಲ್ಲಿ ಹಾಳೆ ಸವೆದಿತ್ತು, ಅಂದರೆ ಬಿಚ್ಚಿ ಬಿಚ್ಚಿ ನೋಡಿದ್ದಾಳೆ.

"ನಾನು ಏನೂ ಹೇಳಲ್ಲ. ನೀನೇ ಜೋರಾಗಿ ಓದು" ಎಂದೆ.

ಮೊದಲ ಎರಡು ಪ್ಯಾರಾ ಒಂದೇ ಉಸಿರಿಗೆ, ಪಾಠ ಒಪ್ಪಿಸುವ ಹಾಗೆ ಓದಿದಳು. ಅಟ್ಟದ ಪ್ಯಾರಾ ಬಂದಾಗ ದನಿ ನಿಧಾನವಾಯಿತು. 'ಮಿಕ್ಸಿ ಹಾಕಬಾರದು' ಎಂಬಲ್ಲಿ ಒಳಗಿನಿಂದ ಅಜ್ಜಿ, "ಹೌದ್ ಮತ್ತೆ!" ಎಂದಳು. ಹುಡುಗಿಗೆ ನಗು ಬಂದು ಓದು ನಿಂತಿತು. ಮತ್ತೆ ಮುಂದುವರಿಸಿ, ಕೊನೆಯ ಗೈಡಿನ ಪ್ಯಾರಾಕ್ಕೆ ಬಂದಾಗ ತಾನೇ ತಡವರಿಸಿದಳು.

"ಯಾಕೆ ನಿಂತೆ?"

"ಇದು... ಇದಕ್ಕೆ ಸೇರಲ್ಲ ಮಿಸ್."

"ಸೇರಲ್ಲ. ಅದಕ್ಕೇ ಐದು ಬಂದಿದ್ದು. ನಾನು ಕೇಳಿದ್ದು ನಿಮ್ಮ ಮನೆಯ ಕೆಲಸ. ಮೊದಲೆರಡು ಪ್ಯಾರಾ ತೆಂಗಿನ ಮರದ ಉಪಯೋಗ ಹೇಳುತ್ತವೆ, ವಿಷಯಕ್ಕೆ ಬರೋದೇ ಇಲ್ಲ. ಕೊನೆ ಅರ್ಧಕ್ಕೇ ನಿಂತಿದೆ. ನಾನು ಇವತ್ತು ತಿದ್ದಿದರೂ ಐದೇ ಕೊಡ್ತೀನಿ."

"ಜಾಸ್ತಿ ಮಾಡಲ್ವಾ ಮಿಸ್?"

"ಇಲ್ಲ."

ಅವಳ ಹೆಗಲು ಕೆಳಗಿಳಿಯಿತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ಹಾಳೆಯ ಕಡೆ ಬಗ್ಗಿದಳು. ತಿಂಗಳಿನಿಂದ ಯಾರೂ ಅವಳಿಗೆ ಐದು ಯಾಕೆ ಬಂತು ಎಂದು ಹೇಳಿರಲಿಲ್ಲ. ನಾನು ಬೈದಿದ್ದೆ, ಆಮೇಲೆ ಮುದ್ದು ಮಾಡಿದ್ದೆ, ಹೇಳಿರಲಿಲ್ಲ.

"ಈ ನಡುವಿನ ಐದು ಸಾಲಿದೆಯಲ್ಲ, ಇದು ಬಂದ ಮೇಲೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ" ಎಂದೆ. "ಯಾಕೆ ಗೊತ್ತಾ? ಮಿಕ್ಸಿ ಹಾಕಬಾರದು ಅಂತ ಬರೆದಿದ್ದೀಯ. ಮನೆ ಎಷ್ಟು ನಿಶ್ಶಬ್ದವಾಗಿತ್ತು ಅಂತ ನೀನು ಹೇಳಲೇ ಇಲ್ಲ, ಆದರೂ ನನಗೆ ಕೇಳಿಸಿತು. ಚಿಲಕ ಹಾಕಿದ ಮನೆಯ ಮಗು ಅಂದಿದ್ದೀಯ. ಆ ಮಗು ಹೊರಗೆ ಬರಬೇಕು ಅಂತ ನನಗೂ ಆತುರವಾಯಿತು. ಇದು ಪಾಸಾಗೋದಿಲ್ಲ, ಐದೇ ಸಾಲು ಅಲ್ವಾ. ಆದರೆ ಇಡೀ ಪ್ರಬಂಧ ಇದರಿಂದಲೇ ಶುರುವಾಗಬೇಕು. ಒಂದೇ ಕೆಲಸ ಮಾಡು. ಗೈಡಿನದು ಪೂರ್ತಿ ತೆಗೆದು, ಇದನ್ನೇ ಪೀಠಿಕೆ ಮಾಡಿಕೋ. ಅಜ್ಜಿ ಆಮೇಲೆ ಏನು ಮಾಡ್ತಾಳೆ, ಅವ್ವ ಏನು ಮಾಡ್ತಾಳೆ, ನೀನು ಏನು ಮಾಡ್ತೀಯ, ಅಷ್ಟೇ ಬರಿ. ಕಾಗುಣಿತ ಈಗ ಬೇಡ, ಆಮೇಲೆ ನೋಡೋಣ."

ಅವಳು ಬಹಳ ಹೊತ್ತು ಕರ್ಚೀಫಿನ ಅಂಚು ಬಿಡಿಸುತ್ತಾ ಕೂತಳು. ಆಮೇಲೆ ನನ್ನ ಮುಖ ನೋಡದೆ, "ಸುಳ್ಳನ್ನ ನಾನೇ ಇಟ್ಟಿದ್ದೆ ಮಿಸ್" ಎಂದಳು.

"ಗೊತ್ತಾಯ್ತು."

"ಕೋಪ ಬಂತಾ?"

"ಬಂತು. ನನ್ನ ಮೇಲೆ." ಆವತ್ತು ಕ್ಲಾಸಿನಲ್ಲಿ ಅಂದ ಮಾತು ತಪ್ಪು ಎಂದೂ ಹೇಳಿದೆ. ಮಕ್ಕಳ ಹತ್ತಿರ ತಪ್ಪಾಯಿತು ಅನ್ನುವುದು ಕಷ್ಟವೆಂದು ಜನ ಹೇಳುತ್ತಾರೆ. ನನಗೆ ಆ ಹೊತ್ತಿನಲ್ಲಿ ಅದು ಹಗುರವೇ ಆಯಿತು. ಸೋಮವಾರ ಅದೇ ಕ್ಲಾಸಿನಲ್ಲಿ, ಅದೇ ಜಾಗದಲ್ಲಿ ನಿಂತು ಹೇಳಿದ್ದು ಮಾತ್ರ ಕಷ್ಟವಾಯಿತು. ಅಂಕ ಕೂಗುವ ಚಾಳಿ ಆವತ್ತಿಗೆ ಬಿಟ್ಟೆ.

ಅವಳು ಸೋಮವಾರ ಬಂದಿದ್ದಳು, ಆದರೆ ಪರೀಕ್ಷೆಯ ಮಾತು ಎತ್ತಲಿಲ್ಲ. ಹಾಲ್ ಟಿಕೆಟ್ಟು ಹಂಚಿದ ದಿನ ಉಳಿದವರೆಲ್ಲ ಆಫೀಸಿನ ಮುಂದೆ ಸಾಲು ನಿಂತರು. ಅವಳು ನಿಲ್ಲಲಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು ಮೂರು ಪುಟದ ಪ್ರಬಂಧ ಕೊಟ್ಟು, "ಈಗ್ಲೇ ನೋಡ್ತೀರಾ ಮಿಸ್?" ಎಂದು ಬಾಗಿಲ ಬಳಿ ನಿಂತಳು.

ಇಷ್ಟು ವರ್ಷದಲ್ಲಿ ಯಾವ ಹಾಳೆಯನ್ನೂ ನಾನು ಅಷ್ಟು ಅನುಮಾನದಿಂದ ಓದಿಲ್ಲ. ಈ ಸಲ ಎಲ್ಲಿಟ್ಟಿದ್ದಾಳೆ? ಮೊದಲ ಪುಟದಲ್ಲಿ ಅಜ್ಜಿ, ಎರಡನೆಯದರಲ್ಲಿ ಅವ್ವ ಮಟ್ಟೆ ಸುಲಿಯುವುದು, ಚಿಪ್ಪು ಒಡೆಯುವಾಗ ಗಿಟುಕಿಗೆ ಏಟು ಬೀಳದ ಹಾಗೆ ಹಿಡಿಯುವುದು. ಪ್ರತಿ ಸಾಲನ್ನೂ ಅಲ್ಲಾಡಿಸಿ ನೋಡಿದೆ. ಎರಡನೇ ಸಲ ಓದಿದೆ. ಸಿಗಲಿಲ್ಲ. ಮೂರನೇ ಸಲ ಓದುವಾಗ ನನ್ನ ಅಂಗೈಯೇ ಬೆವರಿತು. ಇದ್ದೂ ಕಾಣದಿದ್ದರೆ ಇವಳು ಇನ್ನು ನನ್ನನ್ನು ನಂಬುವುದಿಲ್ಲ. ಇಲ್ಲದ್ದನ್ನು ಹುಡುಕಿ ತೋರಿಸಿದರೆ ಅದೂ ಸುಳ್ಳಾಗುತ್ತದೆ.

ಕೊನೆಗೆ ಬರೆದೆ: 'ಕೆಟ್ಟದ್ದು ಒಂದೂ ಸಿಗಲಿಲ್ಲ. ಎರಡನೇ ಪುಟದಲ್ಲಿ ಅವ್ವನ ಕೈ ಕಾಣುತ್ತದೆ. ಉಪಸಂಹಾರ ಅವಸರದ್ದು, ಅಲ್ಲಿ ಇನ್ನೂ ನೀರಿದೆ. ಒತ್ತಕ್ಷರ ಒಂಬತ್ತು ಕಡೆ ತಪ್ಪಿದೆ, ಸುತ್ತು ಹಾಕಿದ್ದೇನೆ. ಹನ್ನೊಂದು.'

ಅವಳು ನಿಂತಲ್ಲೇ ಓದಿದಳು. ತುಟಿ ಅಲ್ಲಾಡುತ್ತಿತ್ತು.

"ಈ ಸಲ ಏನೂ ಇಟ್ಟಿರ್ಲಿಲ್ಲ ಮಿಸ್" ಎಂದಳು. "ಹಂಗಾದ್ರೆ ಹನ್ನೊಂದು ನಿಜವಾದ್ದು."

"ನಿಜವಾದ್ದೇ ಕಣೇ."

ಅವಳು ಲಂಗದ ಜೇಬಿನಿಂದ ನಾಲ್ಕು ಮಡಿಕೆಯ ಆ ಹಳೆಯ ಹಾಳೆಯನ್ನು ತೆಗೆದು, ಬಿಡಿಸಿ, ನನ್ನ ಟೇಬಲ್ಲಿನ ಮೇಲಿಟ್ಟಳು. ಕೆಂಪು ಸುತ್ತಿನ ಪಕ್ಕ ಬೆರಳಿಟ್ಟಳು. ಇದು ಯಾರು ಬರೆದುಕೊಟ್ಟಿದ್ದು?

"ಇಲ್ಲೊಂದು ಪ್ರಶ್ನೆ ಕೇಳಿದ್ರಲ್ಲ ಮಿಸ್. ನನ್ ಕೈಲಿ ಉತ್ತರ ಬರೆಯೋಕೆ ಆಗ್ಲಿಲ್ಲ. ನೀವೇ ಬರೀರಿ."

ಗಣಿತದ ಮೇಷ್ಟ್ರು ಪಕ್ಕದ ಟೇಬಲ್ಲಿನಿಂದ ಬಗ್ಗಿ ನೋಡುತ್ತಿದ್ದರು. ಅದೇ ಕೆಂಪು ಪೆನ್ನು ತೆಗೆದುಕೊಂಡು, ಪ್ರಶ್ನೆಯ ಕೆಳಗೆ 'ಇವಳೇ' ಎಂದು ಬರೆದು ಸಹಿ ಹಾಕಿದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಅವಳು ಶಾಯಿ ಒಣಗುವವರೆಗೂ ಊದಿ, ಹಾಳೆಯನ್ನು ಈ ಸಲ ಮಡಿಸದೆ ಪುಸ್ತಕದೊಳಗೆ ಇಟ್ಟುಕೊಂಡು, ಹಾಲ್ ಟಿಕೆಟ್ಟು ಕೇಳಲು ಆಫೀಸಿನ ಕಡೆ ಹೋದಳು.